ಕೂಪನ್ 6.10, ಯೀಲ್ಡ್ 7.40: ಒಂದೇ ಬಾಂಡ್‌ಗೆ ಎರಡು ದರ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಬಾಂಡ್ ಕೊಳ್ಳಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನ ಉತ್ತರಗಳಿಗೆ ಒಂದೇ ಬಾಂಡನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಅದು ಭಾರತ ಸರ್ಕಾರದ 6.10% GS 2031. GS ಎಂದರೆ ಸರ್ಕಾರಿ ಸಾಲಪತ್ರ. ಇದು 2021ರ ಜುಲೈ 12ರಂದು ಬಂದದ್ದು, 2031ರ ಜುಲೈ 12ಕ್ಕೆ ಮುಗಿಯುತ್ತದೆ. ಲೆಕ್ಕಕ್ಕಾಗಿ ನಾವು ಇದನ್ನು 2022ರ ಜುಲೈ 12ರಂದು 7.40% ಯೀಲ್ಡ್‌ಗೆ, ಅಂದರೆ 100 ರೂಪಾಯಿ ಮುಖಬೆಲೆಗೆ 91.57 ರೂಪಾಯಿ ಕೊಟ್ಟು ಕೊಂಡೆವು ಎಂದು ಇಟ್ಟುಕೊಳ್ಳೋಣ. ಆ ಹೊತ್ತಿಗೆ ಹತ್ತು ವರ್ಷದ ಸರ್ಕಾರಿ ಸಾಲದ ದರ ಹೆಚ್ಚುಕಡಿಮೆ ಅಲ್ಲೇ ಇತ್ತು.

## ಮೊದಲು ಕೇಳುವ ಪ್ರಶ್ನೆಗಳು

ಬಾಂಡ್ ಹೆಸರಲ್ಲೇ 6.10% ಅಂತ ಇದೆ. ಹಾಗಾದ್ರೆ ನನಗೆ ಸಿಗೋದು 6.10% ಅಲ್ವಾ?

ನೀವು ಸರಿಯಾಗಿ 100 ರೂಪಾಯಿಗೆ ಕೊಂಡಿದ್ದರೆ ಮಾತ್ರ ಹೌದು.

ಹೆಸರಿನಲ್ಲಿರುವ 6.10% ಕೂಪನ್ ದರ. ಅದು ಯಾವಾಗಲೂ ಮುಖಬೆಲೆಯ ಮೇಲಿನ ಲೆಕ್ಕ. ನಿಮ್ಮ ಹತ್ತಿರ 1 ಲಕ್ಷ ರೂಪಾಯಿ ಮುಖಬೆಲೆಯ ಬಾಂಡ್ ಇದ್ದರೆ ವರ್ಷಕ್ಕೆ 6,100 ರೂಪಾಯಿ ಬರುತ್ತದೆ. ಜನವರಿ 12ಕ್ಕೆ 3,050, ಜುಲೈ 12ಕ್ಕೆ 3,050. ನೀವು ಅದನ್ನು 91,000ಕ್ಕೆ ಕೊಂಡಿರಿ, 1,05,000ಕ್ಕೆ ಕೊಂಡಿರಿ, ಖಾತೆಗೆ ಬೀಳುವ ಬಡ್ಡಿ ಅಷ್ಟೇ.

ಆದರೆ ನಿಮ್ಮ ಗಳಿಕೆ ಎಷ್ಟು ಎನ್ನುವುದು ನೀವು ಹಾಕಿದ ದುಡ್ಡಿನ ಮೇಲೆ ನಿಂತಿದೆ. ಅದನ್ನು ಹೇಳುವುದು ಯೀಲ್ಡ್. ಅದರ ಪೂರ್ತಿ ಹೆಸರು ಯೀಲ್ಡ್ ಟು ಮೆಚ್ಯೂರಿಟಿ, ಚಿಕ್ಕದಾಗಿ ವೈಟಿಎಂ.

ವೈಟಿಎಂ ಅಂದ್ರೆ ಸುಲಭವಾಗಿ ಏನು?

ಇವತ್ತಿನ ಬೆಲೆಗೆ ಬಾಂಡ್ ಕೊಂಡು, ಅವಧಿ ಮುಗಿಯುವವರೆಗೂ ಇಟ್ಟುಕೊಂಡರೆ ನಿಮ್ಮ ದುಡ್ಡು ಯಾವ ದರದಲ್ಲಿ ಬೆಳೆದಂತೆ ಆಗುತ್ತದೆ ಎನ್ನುವ ಲೆಕ್ಕ. ಇದರಲ್ಲಿ ಎರಡು ಗಳಿಕೆ ಸೇರಿವೆ. ಒಂದು, ಆರು ತಿಂಗಳಿಗೊಮ್ಮೆ ಬರುವ ಬಡ್ಡಿ. ಇನ್ನೊಂದು, ಕೊನೆಯಲ್ಲಿ ಸಿಗುವ 100 ರೂಪಾಯಿಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸ.

ಇನ್ನೊಂದು ರೀತಿಯಲ್ಲಿ ನೋಡಿದರೆ, ಬೆಲೆ ಮತ್ತು ವೈಟಿಎಂ ಒಂದೇ ಸಂಗತಿಯನ್ನು ಎರಡು ಬಗೆಯಲ್ಲಿ ಹೇಳುತ್ತವೆ. ಬೆಲೆ ಗೊತ್ತಿದ್ದರೆ ವೈಟಿಎಂ ತೆಗೆಯಬಹುದು, ವೈಟಿಎಂ ಗೊತ್ತಿದ್ದರೆ ಬೆಲೆ ತೆಗೆಯಬಹುದು. ಬಾಂಡ್ ವ್ಯವಹಾರದಲ್ಲಿ ಇರುವವರು "ಇದು 7.40ರಲ್ಲಿ ನಡೀತಿದೆ" ಎಂದು ದರದಲ್ಲೇ ಮಾತಾಡುವುದು ಇದಕ್ಕೇ.

ಈ 6.10 ಅನ್ನೋ ಸಂಖ್ಯೆಯನ್ನ ಯಾರು ನಿಗದಿ ಮಾಡಿದ್ದು?

ಸರ್ಕಾರ ಕೂತು ತೀರ್ಮಾನಿಸಿದ್ದಲ್ಲ. ಹರಾಜಿನಲ್ಲಿ ಬಂದದ್ದು. ಎರಡು ದರಗಳ ನಡುವಿನ ಅಂತರದ ಬೇರು ಇಲ್ಲೇ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಕೇಂದ್ರ ಸರ್ಕಾರ ಹೊಸ ಬಾಂಡ್ ತರುವಾಗ ರಿಸರ್ವ್ ಬ್ಯಾಂಕ್ ಅದರ ಪರವಾಗಿ ಹರಾಜು ನಡೆಸುತ್ತದೆ. ಹೊಸ ಬಾಂಡ್‌ನ ಹರಾಜಿನಲ್ಲಿ ಬ್ಯಾಂಕುಗಳು, ವಿಮಾ ಕಂಪನಿಗಳು, ಮ್ಯೂಚುವಲ್ ಫಂಡ್‌ಗಳು ತಮಗೆ ಎಷ್ಟು ಯೀಲ್ಡ್ ಬೇಕು ಎಂದು ಬಿಡ್ ಹಾಕುತ್ತವೆ. ಕಡಿಮೆ ಕೇಳಿದವರಿಗೆ ಮೊದಲ ಮಣೆ. ಸರ್ಕಾರಕ್ಕೆ ಬೇಕಾದಷ್ಟು ಸಾಲ ಭರ್ತಿಯಾಗುವ ದರದಲ್ಲಿ ಗೆರೆ ಎಳೆಯುತ್ತಾರೆ. ಆ ಗೆರೆಯ ದರವೇ ಬಾಂಡ್‌ನ ಕೂಪನ್ ಆಗುತ್ತದೆ. ಅಂದರೆ ಹುಟ್ಟಿದ ದಿನ ಕೂಪನ್ ಮತ್ತು ಯೀಲ್ಡ್ ಎರಡೂ ಒಂದೇ. ಬೆಲೆ 100.

ಮುಂದೆ ಸರ್ಕಾರ ಅದೇ ಬಾಂಡನ್ನು ಮತ್ತೆ ಮತ್ತೆ ಹರಾಜಿಗೆ ಇಡುತ್ತದೆ. ಆಗ ಕೂಪನ್ ಬದಲಿಸುವ ಹಾಗಿಲ್ಲ, ಅದು ಆಗಲೇ ನಿಗದಿಯಾಗಿದೆ. ಆದ್ದರಿಂದ ಈ ಸಲ ಬಿಡ್ ಹಾಕುವುದು ಬೆಲೆಯಲ್ಲಿ. 6.10% ಬಾಂಡ್‌ಗೆ 99.20 ಕೊಡ್ತೀನಿ, 98.75 ಕೊಡ್ತೀನಿ, ಹೀಗೆ. ಕೂಪನ್ ಅನ್ನುವುದು ಒಂದು ದಿನದ ಮಾರುಕಟ್ಟೆ ದರದ ದಾಖಲೆ. ವೈಟಿಎಂ ಇವತ್ತಿನ ಮಾರುಕಟ್ಟೆ ದರ. ಇವತ್ತಿನ ದರ ಆ ದಿನದ ದರದಷ್ಟೇ ಇದ್ದರೆ ಮಾತ್ರ ಎರಡೂ ಒಂದಾಗುತ್ತವೆ.

ಒಂದೇ ವರ್ಷದಲ್ಲಿ ಬೆಲೆ 100ರಿಂದ 91ಕ್ಕೆ ಬಂದ್ರೆ ಬಾಂಡ್‌ನಲ್ಲಿ ಏನೋ ತೊಂದರೆ ಇದೆ ಅಂತ ಅರ್ಥ ಅಲ್ವಾ?

ಇಲ್ಲ. ಬಾಂಡ್‌ನಲ್ಲಿ ಏನೂ ಕೆಟ್ಟಿರಲಿಲ್ಲ. ಸರ್ಕಾರ ಬಡ್ಡಿಯನ್ನು ಸಮಯಕ್ಕೆ ಸರಿಯಾಗಿ ಕೊಡುತ್ತಲೇ ಇತ್ತು. ಬದಲಾದದ್ದು ಹೊರಗಿನ ದರ.

2021ರ ಜುಲೈನಲ್ಲಿ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, 4% ಇತ್ತು. ಕೋವಿಡ್ ಕಾಲದ ಅಗ್ಗದ ಸಾಲದ ದಿನಗಳು ಅವು. 2022ರ ಮೇ ತಿಂಗಳಿನಿಂದ ರಿಸರ್ವ್ ಬ್ಯಾಂಕ್ ದರ ಏರಿಸಲು ಶುರು ಮಾಡಿತು. 2023ರ ಫೆಬ್ರವರಿ ಹೊತ್ತಿಗೆ ಅದು 6.50% ಆಗಿತ್ತು. ಬಾಂಡ್ ಮಾರುಕಟ್ಟೆ ಅಷ್ಟು ದಿನ ಕಾಯಲಿಲ್ಲ. ಏರಿಕೆ ಬರುತ್ತದೆ ಎಂದು ಮುಂಚೆಯೇ ಅಂದಾಜು ಮಾಡಿ ಯೀಲ್ಡ್ ಜಾಸ್ತಿ ಕೇಳಲು ಶುರು ಮಾಡಿತು. 2022ರ ಮೇನಲ್ಲಿ ಸರ್ಕಾರ ತಂದ ಹೊಸ ಬಾಂಡ್‌ನ ಹೆಸರು ನೋಡಿ: 7.54% GS 2036.

ಈಗ ನೀವೇ ಯೋಚಿಸಿ. ಅದೇ ಸರ್ಕಾರ ಹೊಸ ಸಾಲಕ್ಕೆ ಏಳೂವರೆ ಪರ್ಸೆಂಟ್ ಕೊಡುತ್ತಿರುವಾಗ, ಹಳೆಯ 6.10% ಬಾಂಡನ್ನು 100 ರೂಪಾಯಿ ಕೊಟ್ಟು ಯಾರು ಕೊಳ್ಳುತ್ತಾರೆ? ಕೂಪನ್ ಏರಿಸಲು ಬರುವುದಿಲ್ಲ. ಆದ್ದರಿಂದ ಬೆಲೆ ಇಳಿಯಬೇಕು. ಕೊಳ್ಳುವವರಿಗೆ ಹೊಸ ಬಾಂಡ್‌ನಷ್ಟೇ ಗಳಿಕೆ ಆಗುವವರೆಗೂ ಇಳಿಯುತ್ತದೆ.

## ಲೆಕ್ಕದ ಪ್ರಶ್ನೆಗಳು

7.40% ಯೀಲ್ಡ್ ಅಂದ್ರೆ ಬೆಲೆ 91.57 ಅಂತ ಹೇಗೆ ಬಂತು? ಬಿಡಿಸಿ ತೋರಿಸಿ.

1 ಲಕ್ಷ ಮುಖಬೆಲೆಗೆ ಮಾಡೋಣ. 2022ರ ಜುಲೈ 12ರಂದು ಇನ್ನೂ 9 ವರ್ಷ ಉಳಿದಿದೆ, ಅಂದರೆ 18 ಕಂತು. ಪ್ರತಿ ಕಂತಿಗೆ 3,050 ರೂಪಾಯಿ. ಹದಿನೆಂಟನೆಯ ಕಂತಿನ ಜೊತೆಗೆ 1,00,000 ಅಸಲು. ಆರು ತಿಂಗಳಿಗೊಮ್ಮೆ ಬಡ್ಡಿ ಬರುವುದರಿಂದ 7.40ನ್ನು ಅರ್ಧ ಮಾಡಿ 3.70% ಎಂದು ಹಿಡಿಯುತ್ತೇವೆ.

ಮುಂದೆ ಬರುವ ದುಡ್ಡಿಗೆ ಇವತ್ತು ಎಷ್ಟು ಕೊಡಬಹುದು ಎಂಬುದೇ ಪ್ರಶ್ನೆ. ಆರು ತಿಂಗಳ ನಂತರದ 3,050ಕ್ಕೆ ಇವತ್ತು 3,050 ÷ 1.037, ಅಂದರೆ 2,941 ರೂಪಾಯಿ. ಒಂದು ವರ್ಷದ ನಂತರದ 3,050ಕ್ಕೆ ಎರಡು ಸಲ 1.037ರಿಂದ ಭಾಗಿಸಬೇಕು, 2,836 ರೂಪಾಯಿ. ಹೀಗೆ ದೂರ ಹೋದಷ್ಟೂ ಬೆಲೆ ಕರಗುತ್ತದೆ. ಹದಿನೆಂಟೂ ಕಂತುಗಳ ಇವತ್ತಿನ ಬೆಲೆ ಕೂಡಿಸಿದರೆ 39,570. ಒಂಬತ್ತು ವರ್ಷದ ಆಚೆಗಿನ 1 ಲಕ್ಷ ಅಸಲಿನ ಇವತ್ತಿನ ಬೆಲೆ 51,997. ಎರಡೂ ಸೇರಿ 91,567. ನೂರು ರೂಪಾಯಿಗೆ 91.57.

ಬೆಲೆಯಿಂದ ಯೀಲ್ಡ್ ತೆಗೆಯುವುದು ಇದರ ಉಲ್ಟಾ ಕೆಲಸ. ಅದಕ್ಕೆ ನೇರ ಸೂತ್ರ ಇಲ್ಲ, ದರ ಹಾಕಿ ಹಾಕಿ ನೋಡಬೇಕು. 7% ಹಾಕಿದರೆ ಬೆಲೆ 94.06 ಬರುತ್ತದೆ, ಮಾರುಕಟ್ಟೆ ಬೆಲೆಗಿಂತ ಜಾಸ್ತಿ. 8% ಹಾಕಿದರೆ 87.97, ಕಡಿಮೆ. ಹಾಗಾದರೆ ಉತ್ತರ ನಡುವೆ ಎಲ್ಲೋ ಇದೆ. 7.40ಕ್ಕೆ ಬಂದಾಗ ಸರಿಹೋಗುತ್ತದೆ. ಎಕ್ಸೆಲ್ ಒಳಗೆ ಮಾಡುವುದೂ ಇದನ್ನೇ:

```
=YIELD(DATE(2022,7,12),DATE(2031,7,12),6.10%,91.57,100,2,4)
```

ಕೊನೆಯ ಎರಡು ಸಂಖ್ಯೆಗಳಲ್ಲಿ ಜನ ಎಡವುತ್ತಾರೆ. 2 ಎಂದರೆ ವರ್ಷಕ್ಕೆ ಎರಡು ಕಂತು. 4 ಎಂದರೆ ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ ಎಂದು ಎಣಿಸುವ ಕ್ರಮ. ನಮ್ಮ ಸರ್ಕಾರಿ ಬಾಂಡ್‌ಗಳಲ್ಲಿ 30/360 ಎಣಿಕೆಯೇ ನಡೆಯುವುದು. ಉತ್ತರ ಪರದೆಯಲ್ಲಿ ಕಂಡ ಯೀಲ್ಡ್‌ಗೆ ತಾಳೆಯಾಗದಿದ್ದರೆ ಮೊದಲು ಈ ಎರಡನ್ನು ನೋಡಿ.

ವರ್ಷಕ್ಕೆ 6,100 ಬರುತ್ತೆ, ನಾನು ಹಾಕಿದ್ದು 91,567. ಭಾಗಿಸಿದರೆ 6.66%. ಮತ್ತೆ 7.40 ಎಲ್ಲಿಂದ ಬಂತು?

ನೀವು ತೆಗೆದ 6.66ಕ್ಕೆ ಕರೆಂಟ್ ಯೀಲ್ಡ್ ಎನ್ನುತ್ತಾರೆ. ಅದು ತಪ್ಪಲ್ಲ, ಅರ್ಧ ಲೆಕ್ಕ ಅಷ್ಟೇ. 2031ರಲ್ಲಿ ನಿಮ್ಮ ಕೈಗೆ 91,567 ಬರುವುದಿಲ್ಲ, 1,00,000 ಬರುತ್ತದೆ. ಆ 8,433 ರೂಪಾಯಿಯನ್ನು ಕರೆಂಟ್ ಯೀಲ್ಡ್ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಕಾಗದದ ಮೇಲೆ ಅಂದಾಜು ಮಾಡಬೇಕಾದರೆ ಹೀಗೆ ಮಾಡಿ. 8,433ನ್ನು 9 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 937. ಬಡ್ಡಿ 6,100 ಸೇರಿಸಿದರೆ 7,037. ಇದನ್ನು ಕೊಂಡ ಬೆಲೆ ಮತ್ತು ಮುಖಬೆಲೆಯ ಸರಾಸರಿಯಿಂದ, ಅಂದರೆ ಸುಮಾರು 95,784ರಿಂದ ಭಾಗಿಸಿ. 7.35% ಬರುತ್ತದೆ. ನಿಜವಾದ 7.40ಕ್ಕೆ ಬಹಳ ಹತ್ತಿರ. ಯಾರಾದರೂ ಫೋನಿನಲ್ಲಿ ಒಂದು ಯೀಲ್ಡ್ ಹೇಳಿದರೆ ಅದು ಹೊಂದುತ್ತದೆಯೇ ಎಂದು ನೋಡಲು ಈ ಲೆಕ್ಕ ಸಾಕು.

100 ರೂಪಾಯಿ ಬಾಂಡ್‌ಗೆ 112 ಕೇಳ್ತಿದ್ದಾರೆ. ಕೊನೆಗೆ ವಾಪಸ್ ಬರೋದು 100 ಮಾತ್ರ. ಇದು ನಷ್ಟ ಅಲ್ವಾ?

ಕೊನೆಯ ಕಂತಿನಲ್ಲಿ 12 ರೂಪಾಯಿ ಕಡಿಮೆ ಬರುವುದು ನಿಜ. ಆದರೆ ಆ 12 ರೂಪಾಯಿ ನಿಮಗೆ ಮುಂಚೆಯೇ ಬಡ್ಡಿಯ ರೂಪದಲ್ಲಿ ಬಂದಿರುತ್ತದೆ.

8.30% GS 2040 ತಗೊಳ್ಳಿ. 2025ರ ಜುಲೈನಲ್ಲಿ, 15 ವರ್ಷ ಉಳಿದಿರುವಾಗ, ಅದರ ಯೀಲ್ಡ್ 7% ಎಂದು ಇಟ್ಟುಕೊಂಡರೆ ಬೆಲೆ 111.95 ಆಗುತ್ತದೆ. ಹೊಸಬರು 7% ಪಡೆಯುವ ಕಾಲದಲ್ಲಿ ಈ ಬಾಂಡ್ ಪ್ರತಿ ವರ್ಷ 1.30 ರೂಪಾಯಿ ಜಾಸ್ತಿ ಕೊಡುತ್ತದೆ, 15 ವರ್ಷ. ಆ ಜಾಸ್ತಿ ಹಣದ ಇವತ್ತಿನ ಬೆಲೆಯೇ ಈ 11.95. ಇಲ್ಲಿ ಎಚ್ಚರ ಬೇಕಾದದ್ದು ಬೇರೆ ಕಡೆ. 8.30 ಎಂಬ ಕೂಪನ್ ನೋಡಿ "ಎಂಟು ಪರ್ಸೆಂಟ್ ಮೇಲೆ ಸಿಗ್ತಿದೆ" ಎಂದು ಕೊಂಡು, ಬಂದ ಬಡ್ಡಿಯನ್ನೆಲ್ಲ ಖರ್ಚು ಮಾಡಿದರೆ, ನೀವು ಅಸಲನ್ನೂ ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡುತ್ತಿದ್ದೀರಿ ಎಂದೇ ಅರ್ಥ. ನಿವೃತ್ತರು ತಿಂಗಳ ಖರ್ಚಿಗೆಂದು ಇಂಥ ಬಾಂಡ್ ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ, ಅದು ನನಗೆ ಬೇಸರದ ಸಂಗತಿ.

ಪರದೆಯಲ್ಲಿ ಕಂಡ ಬೆಲೆಗಿಂತ ಜಾಸ್ತಿ ದುಡ್ಡು ಖಾತೆಯಿಂದ ಹೋಯ್ತು. ಯಾಕೆ?

ಮಧ್ಯದಲ್ಲಿ ಕೊಂಡಿದ್ದರಿಂದ. ಪರದೆಯ ಬೆಲೆಯಲ್ಲಿ ಹಿಂದಿನ ಕಂತಿನಿಂದ ಇಲ್ಲಿಯವರೆಗೆ ಕೂಡಿದ ಬಡ್ಡಿ ಸೇರಿರುವುದಿಲ್ಲ. ನಮ್ಮ ಬಾಂಡನ್ನು 2022ರ ಅಕ್ಟೋಬರ್ 12ಕ್ಕೆ ಪಡೆದರೆ, ಜುಲೈ 12ರಿಂದ 30/360 ಎಣಿಕೆಯಲ್ಲಿ 90 ದಿನ ಆಗಿದೆ. ಲಕ್ಷಕ್ಕೆ 1,525 ರೂಪಾಯಿ ಬಡ್ಡಿ ಮಾರುವವರ ಪಾಲಿಗೆ ಸೇರಬೇಕಾದದ್ದು. ಅದನ್ನು ನೀವು ಈಗ ಕೊಡುತ್ತೀರಿ, ಜನವರಿ 12ಕ್ಕೆ ಪೂರ್ತಿ 3,050 ನಿಮಗೇ ಬರುತ್ತದೆ. ಯೀಲ್ಡ್ ಲೆಕ್ಕ ಇದನ್ನೂ ಸೇರಿಸಿಕೊಂಡೇ ಮಾಡಿರುತ್ತಾರೆ, ಆದ್ದರಿಂದ ಇದರಿಂದ ನಿಮ್ಮ ಗಳಿಕೆ ಕಡಿಮೆಯಾಗುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಕೊನೇವರೆಗೂ ಇಟ್ಕೊಂಡ್ರೆ 7.40% ಗ್ಯಾರಂಟಿ ತಾನೇ?

ಇಲ್ಲ. ಇದನ್ನು ತುಂಬಾ ಜನ ನಂಬಿದ್ದಾರೆ, ಮಾರುವವರೂ ಹಾಗೇ ಹೇಳುತ್ತಾರೆ. ಗ್ಯಾರಂಟಿ ಇರುವುದು 18 ಕಂತುಗಳಿಗೆ ಮತ್ತು ಅಸಲಿಗೆ ಮಾತ್ರ. 7.40% ಆಗಬೇಕಾದರೆ ಬಂದ ಪ್ರತಿ 3,050 ರೂಪಾಯಿಯನ್ನೂ ನೀವು ಮತ್ತೆ 7.40% ದರದಲ್ಲೇ ಹೂಡಬೇಕು, 2031ರವರೆಗೂ.

ಸಂಖ್ಯೆಯಲ್ಲಿ ನೋಡಿ. 91,567 ರೂಪಾಯಿ 9 ವರ್ಷ 7.40%ರಲ್ಲಿ ಬೆಳೆದರೆ 1,76,099 ಆಗಬೇಕು. ಇದರಲ್ಲಿ 1,00,000 ಅಸಲು, 54,900 ಕಂತುಗಳು. ಉಳಿದ 21,199 ರೂಪಾಯಿ ಬಡ್ಡಿಯ ಮೇಲಿನ ಬಡ್ಡಿ. ಅದನ್ನು ಸರ್ಕಾರ ಕೊಡುವುದಿಲ್ಲ, ನೀವೇ ದುಡಿಸಿಕೊಳ್ಳಬೇಕು.

ಕಂತುಗಳನ್ನು 5% ದರದಲ್ಲಿ ಮಾತ್ರ ಹೂಡಲು ಸಾಧ್ಯವಾದರೆ ಕೊನೆಗೆ 1,68,278 ಆಗುತ್ತದೆ, ನಿಮ್ಮ ನಿಜವಾದ ದರ 6.88%. ಕಂತುಗಳನ್ನು ಸುಮ್ನೆ ಬಡ್ಡಿಯಿಲ್ಲದೆ ಇಟ್ಟರೆ 5.93%. ಬಡ್ಡಿಯನ್ನು ಮನೆ ಖರ್ಚಿಗೆ ಬಳಸುವವರಿಗೆ ಇದು ನಷ್ಟ ಎಂದು ನಾನು ಹೇಳುವುದಿಲ್ಲ. ದುಡ್ಡು ಬಂದಾಗಲೇ ಉಪಯೋಗಕ್ಕೆ ಬಂತು. ಆದರೆ 2031ರಲ್ಲಿ ಇಷ್ಟು ಮೊತ್ತ ಬೇಕೇ ಬೇಕು ಎಂದು, ಮಗಳ ಓದಿಗೆ ಅಂತಲೋ, ವೈಟಿಎಂ ಹಾಕಿ ಲೆಕ್ಕ ಮಾಡಿದವರಿಗೆ ಈ 21,199 ದೊಡ್ಡ ಅಂತರ. ಅಂಥವರು ಕಂತೇ ಇಲ್ಲದ ಸ್ಟ್ರಿಪ್ಸ್ ಬಗ್ಗೆ ಯೋಚಿಸಬಹುದು. ಅದರಲ್ಲಿ ಕಡಿಮೆ ಬೆಲೆಗೆ ಕೊಂಡು ಕೊನೆಯಲ್ಲಿ ಒಂದೇ ಸಲ ಪೂರ್ತಿ ಮೊತ್ತ ಪಡೆಯುತ್ತೀರಿ. ನಡುವೆ ಮತ್ತೆ ಹೂಡುವ ಪ್ರಶ್ನೆಯೇ ಬರುವುದಿಲ್ಲ.

ಮೂರು ವರ್ಷಕ್ಕೇ ಮಾರಿದ್ರೆ ವರ್ಷಕ್ಕೆ 7.40 ಲೆಕ್ಕದಲ್ಲಿ ಸಿಗುತ್ತಾ?

ಸಿಗಬಹುದು, ಸಿಗದೆಯೂ ಇರಬಹುದು. ನೀವು ಮಾರುವ ದಿನ ಮಾರುಕಟ್ಟೆಯ ಯೀಲ್ಡ್ ಎಷ್ಟಿದೆ ಎನ್ನುವುದರ ಮೇಲೆ ಹೋಗುತ್ತದೆ.

2025ರ ಜುಲೈ 12ಕ್ಕೆ ಮಾರುತ್ತೀರಿ, ಯೀಲ್ಡ್ 6.40%ಕ್ಕೆ ಇಳಿದಿದೆ ಎನ್ನೋಣ. ಉಳಿದ 6 ವರ್ಷಕ್ಕೆ ಬೆಲೆ 98.52. ಮೂರು ವರ್ಷದ ಬಡ್ಡಿ 18,300, ಬೆಲೆಯಲ್ಲಿ ಸುಮಾರು 6,950 ಲಾಭ. ಸರಳ ಲೆಕ್ಕದಲ್ಲಿ ವರ್ಷಕ್ಕೆ 9.2%ರ ಹತ್ತಿರ. ಯೀಲ್ಡ್ 8.40%ಕ್ಕೆ ಏರಿದ್ದರೆ ಬೆಲೆ 89.33. ಕೊಂಡದ್ದಕ್ಕಿಂತ ಲಕ್ಷಕ್ಕೆ 2,236 ಕಡಿಮೆ. ಬಡ್ಡಿ ಸೇರಿಸಿದರೂ ವರ್ಷಕ್ಕೆ 5.9%ರ ಆಸುಪಾಸು. ಎರಡರಲ್ಲೂ ಕೊಂಡ ದಿನದ ವೈಟಿಎಂ 7.40ಯೇ. ಅವಧಿ ಉದ್ದ ಇದ್ದಷ್ಟೂ ಈ ಏರುಪೇರು ಜಾಸ್ತಿ. ಮೂರು ವರ್ಷಕ್ಕೆ ಬೇಕಾಗುವ ದುಡ್ಡಿಗೆ ಮೂರು ವರ್ಷ ಉಳಿದಿರುವ ಬಾಂಡೇ ಸರಿ ಎನ್ನುವುದು ನನ್ನ ಅಭಿಪ್ರಾಯ.

ಎಫ್‌ಡಿ 7.40%, ಬಾಂಡ್ ವೈಟಿಎಂ 7.40%. ಎರಡೂ ಒಂದೇನಾ?

ಪೂರ್ತಿ ಒಂದೇ ಅಲ್ಲ. ಬಾಂಡ್ ಯೀಲ್ಡ್ ಆರು ತಿಂಗಳ ಲೆಕ್ಕ, ವರ್ಷಕ್ಕೆ ನಿಜವಾಗಿ 7.54% ಆಗುತ್ತದೆ. ಬ್ಯಾಂಕುಗಳ ಎಫ್‌ಡಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುತ್ತವೆ. ಆಗ 7.61%. ಹೋಲಿಸುವಾಗ ಎರಡನ್ನೂ ವರ್ಷದ ದರಕ್ಕೆ ತಂದು ನೋಡಿ.

ಒಂದು ಕಂಪನಿ ಬಾಂಡ್‌ಗೆ 13% ವೈಟಿಎಂ ತೋರಿಸ್ತಿದ್ದಾರೆ, ಕೂಪನ್ 9%. ಒಳ್ಳೆ ಅವಕಾಶ ಅಲ್ವಾ?

ಇಲ್ಲಿ ಅಂತರಕ್ಕೆ ಕಾರಣವೇ ಬೇರೆ ಇರಬಹುದು. ಸರ್ಕಾರಿ ಬಾಂಡ್‌ನಲ್ಲಿ ಕೂಪನ್ ಮತ್ತು ಯೀಲ್ಡ್ ಬೇರೆಯಾಗುವುದು ಬಡ್ಡಿದರ ಬದಲಾದದ್ದರಿಂದ. ಕಂಪನಿ ಬಾಂಡ್‌ನಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ದುಡ್ಡು ವಾಪಸ್ ಬರುತ್ತದೋ ಇಲ್ಲವೋ ಎಂಬ ಅನುಮಾನ. ವೈಟಿಎಂ ಲೆಕ್ಕ ಹಾಕುವಾಗ ಎಲ್ಲ ಕಂತುಗಳೂ ಸಮಯಕ್ಕೆ ಬರುತ್ತವೆ ಎಂದೇ ಹಿಡಿಯುತ್ತಾರೆ. ಬರದಿರುವ ಸಾಧ್ಯತೆ ಆ ಸೂತ್ರದಲ್ಲಿ ಇಲ್ಲ. ಹಾಗಾಗಿ ಕಂಪನಿ ಮುಳುಗುವ ಹತ್ತಿರ ಬಂದಷ್ಟೂ ಬೆಲೆ ಬೀಳುತ್ತದೆ, ವೈಟಿಎಂ ಮಾತ್ರ ಚೆಂದ ಕಾಣುತ್ತಾ ಹೋಗುತ್ತದೆ. 2019ರಲ್ಲಿ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್‌ನ ಬಾಂಡ್‌ಗಳ ಯೀಲ್ಡ್ ಜಿಗಿದದ್ದು ಹೀಗೆಯೇ. ಆ ಜೂನ್‌ನಲ್ಲಿ ಅದು ಬಡ್ಡಿ ಕಂತನ್ನೇ ಸಮಯಕ್ಕೆ ಕೊಡಲಿಲ್ಲ.

ಯಾವ ಕಾರಣ ಎಂದು ತಿಳಿಯುವುದು ಹೇಗೆ? ಅಷ್ಟೇ ಅವಧಿ ಉಳಿದಿರುವ ಸರ್ಕಾರಿ ಬಾಂಡ್‌ನ ಯೀಲ್ಡ್ ಪಕ್ಕದಲ್ಲಿಟ್ಟು ನೋಡಿ. ಕರ್ನಾಟಕ ಸರ್ಕಾರವೂ ರಿಸರ್ವ್ ಬ್ಯಾಂಕ್ ಹರಾಜಿನಲ್ಲೇ ಸಾಲ ಎತ್ತುತ್ತದೆ. ಅಂಥ ರಾಜ್ಯ ಸಾಲಪತ್ರಗಳ ಯೀಲ್ಡ್ ಸಾಮಾನ್ಯವಾಗಿ ಕೇಂದ್ರದ ಬಾಂಡ್‌ಗಿಂತ ಒಂದಿಷ್ಟು ಮಾತ್ರ ಮೇಲಿರುತ್ತದೆ, ಒಂದು ಪರ್ಸೆಂಟ್ ಪಾಯಿಂಟ್‌ಗಿಂತಲೂ ಕಡಿಮೆ. ಐದಾರು ಪಾಯಿಂಟ್ ಮೇಲಿದ್ದರೆ ಅದು ಬಡ್ಡಿದರದ ಕಥೆ ಅಲ್ಲ, ಅಪಾಯದ ಬೆಲೆ. ಜೊತೆಗೆ ಕಂಪನಿಗೆ ಅವಧಿಗೆ ಮುಂಚೆ ಸಾಲ ತೀರಿಸುವ ಹಕ್ಕು, ಅಂದರೆ ಕಾಲ್ ಆಪ್ಷನ್, ಇದೆಯೇ ನೋಡಿ. ಇದ್ದರೆ ಆ ದಿನಾಂಕದವರೆಗಿನ ಯೀಲ್ಡನ್ನು ಬೇರೆಯಾಗಿ ಕೇಳಿ. 100ಕ್ಕಿಂತ ಜಾಸ್ತಿ ಕೊಟ್ಟು ಕೊಂಡ ಬಾಂಡ್ ಬೇಗ ಮುಗಿದರೆ ಯೀಲ್ಡ್ ನೀವು ಅಂದುಕೊಂಡದ್ದಕ್ಕಿಂತ ಕಡಿಮೆಯಾಗುತ್ತದೆ.

6.54% GS 2032 ಮತ್ತು 7.26% GS 2032 ಎರಡೂ ಇವೆ. ವೈಟಿಎಂ ಹೆಚ್ಚುಕಡಿಮೆ ಒಂದೇ. ಜಾಸ್ತಿ ಕೂಪನ್ ಇರೋದನ್ನೇ ತಗೋಬೇಕಾ?

ಮೊದಲನೆಯದು 2022ರ ಜನವರಿಯಲ್ಲಿ, ಎರಡನೆಯದು ಅದೇ ವರ್ಷದ ಆಗಸ್ಟ್‌ನಲ್ಲಿ ಬಂದದ್ದು. ಏಳು ತಿಂಗಳಲ್ಲಿ ದರ ಎಷ್ಟು ಏರಿತು ಎನ್ನುವುದು ಹೆಸರುಗಳಲ್ಲೇ ಕಾಣುತ್ತದೆ. ಬೆಲೆಗಳು ಆ ವ್ಯತ್ಯಾಸವನ್ನು ಸರಿದೂಗಿಸಿವೆ, ಆದ್ದರಿಂದ ಕೂಪನ್ ಜಾಸ್ತಿ ಎಂಬುದು ಮಾತ್ರ ಕಾರಣವಾಗಬಾರದು.

ನಿಮಗೆ ಈಗಲೇ ಆದಾಯ ಬೇಕಾದರೆ 7.26% ಅನುಕೂಲ. ಬಂದ ಬಡ್ಡಿಯನ್ನು ಮತ್ತೆ ಹೂಡುವ ತಲೆನೋವು ಕಡಿಮೆ ಇರಲಿ ಎಂದರೆ 6.54%. ತೆರಿಗೆಯಲ್ಲೂ ವ್ಯತ್ಯಾಸ ಇದೆ. ಕೂಪನ್ ನಿಮ್ಮ ಆದಾಯಕ್ಕೆ ಸೇರಿ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. ಬೆಲೆಯಲ್ಲಿ ಬಂದ ಲಾಭ ಬಂಡವಾಳ ಲಾಭದ ಲೆಕ್ಕಕ್ಕೆ ಹೋಗುತ್ತದೆ. ಪರದೆಯಲ್ಲಿ ಕಾಣುವ ವೈಟಿಎಂ ತೆರಿಗೆಗೆ ಮುಂಚಿನದು. 30% ಸ್ಲ್ಯಾಬ್‌ನಲ್ಲಿ ಇರುವವರಿಗೆ, ಒಂದೇ ವೈಟಿಎಂ ಇದ್ದಾಗ, ಕಡಿಮೆ ಕೂಪನ್‌ನ, 100ಕ್ಕಿಂತ ಕಡಿಮೆ ಬೆಲೆಯ ಬಾಂಡ್‌ನಲ್ಲಿ ತೆರಿಗೆ ಕಳೆದು ಕೈಗೆ ಉಳಿಯುವುದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಕೊಳ್ಳುವ ಮುಂಚೆ ಆ ವರ್ಷದ ತೆರಿಗೆ ದರ ಹಾಕಿ, ಎರಡೂ ಬಾಂಡ್‌ಗಳ ಕಂತುಗಳನ್ನು ತೆರಿಗೆ ಕಳೆದು ಬರೆದುಕೊಂಡು ಯೀಲ್ಡ್ ತೆಗೆದು ನೋಡಿ.